ಪಾಸ್‌ಬುಕ್ ಕೂಡಿತು, ಲೆಕ್ಕ ಕೂಡಲಿಲ್ಲ

“ಲೆಕ್ಕ ತಾಳೆಯಾಯಿತು ಸರ್, ಒಂದು ರೂಪಾಯಿಯೂ ಆಚೀಚೆ ಇಲ್ಲ” ಎನ್ನುತ್ತ ಗುಮಾಸ್ತರು ಹಾಳೆಯನ್ನು ನನ್ನ ಮುಂದಿಟ್ಟರು. ಪಕ್ಕದಲ್ಲೇ ಕುಳಿತಿದ್ದ ರಸಾಯನಶಾಸ್ತ್ರದ ಮೇಡಂ ನಿಟ್ಟುಸಿರುಬಿಟ್ಟರು. ಮೂರು ವರ್ಷ ಪಾವಗಡದ ಹಳ್ಳಿಗಳನ್ನು ಸುತ್ತಿ, ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಅಳೆದು ದಾಖಲಿಸಿದವರು ಅವರು. ಆ ಕೆಲಸಕ್ಕೆ ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆಯೊಂದು ಕಾಲೇಜಿಗೆ ಅನುದಾನ ಕೊಟ್ಟಿತ್ತು. ಮಾರ್ಚ್ 31ಕ್ಕೆ ಯೋಜನೆಯ ಅವಧಿ ಮುಗಿದಿತ್ತು. ಈಗ ಏಪ್ರಿಲ್ ಎರಡನೇ ವಾರ. ಖರ್ಚಿನ ಲೆಕ್ಕ ಒಪ್ಪಿಸಿ ಯೋಜನೆಯನ್ನು ಮುಚ್ಚಬೇಕಿತ್ತು.

ಕಾಲೇಜೊಂದರ ಲೆಕ್ಕಪತ್ರ ವಿಭಾಗದಲ್ಲಿ ಬಹಳ ವರ್ಷ ದುಡಿದು ನಿವೃತ್ತನಾದವನು ನಾನು. ಇಂಥ ಕಡತ ಬಂದಾಗ ಪರಿಚಯದವರು ಕರೆಯುತ್ತಾರೆ, ಹೋಗಿ ಕೂರುತ್ತೇನೆ. ಅಂದು ಗುಮಾಸ್ತರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬ್ಯಾಂಕಿನ ಲೆಕ್ಕ ನಿಜಕ್ಕೂ ಕೂಡಿತ್ತು. ಆದರೂ ಆ ಹಾಳೆಯಲ್ಲಿ ಮೂರು ತಪ್ಪುಗಳಿದ್ದವು. ಬ್ಯಾಂಕು ಕೂಡಿಯೂ ಲೆಕ್ಕ ತಪ್ಪಾಗಿರಲು ಹೇಗೆ ಸಾಧ್ಯ ಎಂಬುದು ಅರ್ಥವಾದರೆ ಅನುದಾನದ ಲೆಕ್ಕ ಮುಚ್ಚುವ ಕೆಲಸದ ಮುಕ್ಕಾಲು ಪಾಲು ಅರ್ಥವಾದಂತೆ. ಆ ಕಡತದ ಕಥೆಯನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಓದಲು ಸುಲಭವಾಗಲಿ ಎಂದು ಅಂಕಿಗಳನ್ನು ದುಂಡಾಗಿಸಿದ್ದೇನೆ.

ಮುಚ್ಚುವಾಗ ಕಳಿಸಬೇಕಾದ ಮುಖ್ಯ ಕಾಗದಗಳು ಎರಡು. ಒಂದು ವೆಚ್ಚದ ವಿವರಪಟ್ಟಿ. ಮಂಜೂರಾತಿ ಆದೇಶದಲ್ಲಿ ಯಾವ ಬಾಬ್ತಿಗೆ ಎಷ್ಟು ಹಣ ಇಟ್ಟಿದ್ದರು, ಮೊದಲ, ಎರಡನೇ, ಮೂರನೇ ವರ್ಷ ಆ ಬಾಬ್ತಿನಲ್ಲಿ ಎಷ್ಟು ಖರ್ಚಾಯಿತು, ಒಟ್ಟು ಎಷ್ಟು ಎಂಬುದನ್ನು ಸಾಲುಸಾಲಾಗಿ ತೋರಿಸುವ ಪಟ್ಟಿ ಅದು. ಇನ್ನೊಂದು ಹಣ ಬಳಕೆ ಪ್ರಮಾಣಪತ್ರ. ಕಚೇರಿಗಳಲ್ಲಿ ಎಲ್ಲರೂ ಅದನ್ನು ಯುಸಿ ಎಂದೇ ಕರೆಯುತ್ತಾರೆ. ಕೇಂದ್ರದ ಅನುದಾನ ಪಡೆದ ಸಂಸ್ಥೆಗಳು ಅದನ್ನು 2017ರ ಸಾಮಾನ್ಯ ಹಣಕಾಸು ನಿಯಮಗಳ 12-ಎ ನಮೂನೆಯಲ್ಲಿ ಕೊಡಬೇಕು. ಹಳಬರು ಈಗಲೂ ಬಾಯಿತಪ್ಪಿ 19-ಎ ಅನ್ನುತ್ತಾರೆ, 2005ರ ನಿಯಮಗಳಲ್ಲಿ ಅದರ ಸಂಖ್ಯೆ ಅದಾಗಿತ್ತು. ವಿವರಪಟ್ಟಿ ಯೋಜನೆಯ ಮೂರೂ ವರ್ಷವನ್ನು ಒಟ್ಟಿಗೆ ನೋಡುತ್ತದೆ. ಪ್ರಮಾಣಪತ್ರ ನೋಡುವುದು ಒಂದು ಆರ್ಥಿಕ ವರ್ಷವನ್ನು ಮಾತ್ರ. ವರ್ಷದ ಆರಂಭದಲ್ಲಿ ಎಷ್ಟಿತ್ತು, ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂಬ ಲೆಕ್ಕದ ಕೆಳಗೆ ಷರತ್ತುಗಳಂತೆಯೇ ಹಣ ಬಳಸಿದ್ದೇವೆ, ಅದಕ್ಕಾಗಿ ಇಂಥಿಂಥ ದಾಖಲೆ ಪರಿಶೀಲಿಸಿದ್ದೇವೆ ಎಂದು ಸಂಸ್ಥೆಯ ಹಣಕಾಸು ಮುಖ್ಯಸ್ಥರೂ ಸಂಸ್ಥೆಯ ಮುಖ್ಯಸ್ಥರೂ ಸಹಿ ಹಾಕುತ್ತಾರೆ. ಒಂದು ಪಟ್ಟಿ, ಇನ್ನೊಂದು ಮಾತು ಕೊಟ್ಟಂತೆ.

ಮಂಜೂರಾತಿ ಆದೇಶದ ಪ್ರಕಾರ ಯೋಜನೆಯ ಗಾತ್ರ 23 ಲಕ್ಷ ರೂಪಾಯಿ. ಅದರಲ್ಲಿ ಉಪಕರಣಕ್ಕೆ 8 ಲಕ್ಷ. ಸಹಾಯಕರೊಬ್ಬರ ಸಂಬಳಕ್ಕೆ ತಿಂಗಳಿಗೆ 20,000ದಂತೆ ಮೂರು ವರ್ಷಕ್ಕೆ 7,20,000. ಪ್ರಯೋಗಾಲಯದಲ್ಲಿ ಬಳಸಿ ಮುಗಿಯುವ ಸಾಮಗ್ರಿಗೆ 4 ಲಕ್ಷ, ಪ್ರಯಾಣಕ್ಕೆ ಒಂದೂವರೆ ಲಕ್ಷ, ಸಾದಿಲ್ವಾರಿಗೆ ಒಂದು ಲಕ್ಷ, ಕಾಲೇಜಿನ ನಿರ್ವಹಣಾ ವೆಚ್ಚಕ್ಕೆ 1,30,000. ಆದರೆ ಕಾಲೇಜಿನ ಖಾತೆಗೆ ಬಂದದ್ದು 22 ಲಕ್ಷ ಮಾತ್ರ, ಉಪಕರಣಕ್ಕೆ 8 ಲಕ್ಷ, ಉಳಿದ ಬಾಬ್ತುಗಳಿಗೆ ಮೂರು ಕಂತಿನಲ್ಲಿ 14 ಲಕ್ಷ. ಕೊನೆಯ ಒಂದು ಲಕ್ಷವನ್ನು ಸಂಸ್ಥೆ ಅಂತಿಮ ಲೆಕ್ಕ ಬರುವವರೆಗೆ ತನ್ನಲ್ಲೇ ಇಟ್ಟುಕೊಂಡಿತ್ತು.

ಈ 23 ಮತ್ತು 22ರ ನಡುವೆ ಎಷ್ಟೋ ಜನ ಎಡವುತ್ತಾರೆ. ಬಾಬ್ತಿನ ಮಿತಿ ಮೀರಿದೆಯೋ ಇಲ್ಲವೋ ಎಂದು ನೋಡುವಾಗ ಮಂಜೂರಾದ ಮೊತ್ತವನ್ನು ಹಿಡಿಯಬೇಕು. ಎಷ್ಟು ಉಳಿದಿದೆ ಎಂದು ನೋಡುವಾಗ ಕೈಗೆ ಬಂದ ಮೊತ್ತವನ್ನು ಹಿಡಿಯಬೇಕು. ಗುಮಾಸ್ತರ ಲೆಡ್ಜರ್ ಪ್ರಕಾರ ಒಟ್ಟು ಖರ್ಚು 21,66,900. ಇದನ್ನು 23 ಲಕ್ಷದಲ್ಲಿ ಕಳೆದರೆ 1,33,100 ಉಳಿದಂತೆ ಕಾಣುತ್ತದೆ, ಆದರೆ ಅದರಲ್ಲಿ ಒಂದು ಲಕ್ಷ ಬಂದೇ ಇಲ್ಲ. ಗುಮಾಸ್ತರು ಈ ತಪ್ಪು ಮಾಡಿರಲಿಲ್ಲ. 22 ಲಕ್ಷದಲ್ಲಿ ಕಳೆದು 33,100 ಉಳಿಕೆ ಎಂದು ಸರಿಯಾಗಿಯೇ ಬರೆದಿದ್ದರು.

ಪಾಸ್‌ಬುಕ್‌ನಲ್ಲಿ ಮಾರ್ಚ್ 31ರಂದು ಇದ್ದದ್ದು 50,940. ಲೆಡ್ಜರಿಗಿಂತ 17,840 ಹೆಚ್ಚು. ಇದಕ್ಕೂ ಅವರಲ್ಲಿ ಉತ್ತರವಿತ್ತು. ಯೋಜನೆಗೆಂದೇ ತೆರೆದ ಉಳಿತಾಯ ಖಾತೆಯಲ್ಲಿ ಆ ವರ್ಷ 6,340 ರೂಪಾಯಿ ಬಡ್ಡಿ ಬಂದಿತ್ತು. ಮಾರ್ಚ್ 28ರಂದು ಪಾವಗಡದ ಟ್ಯಾಕ್ಸಿಯವರಿಗೆ ಬರೆದುಕೊಟ್ಟ 11,500ರ ಚೆಕ್ಕು ಇನ್ನೂ ಬ್ಯಾಂಕಿಗೆ ಬಂದಿರಲಿಲ್ಲ. ಎರಡನ್ನೂ ಕೂಡಿದರೆ 17,840. ವ್ಯತ್ಯಾಸ ಪೂರ್ತಿ ತೀರಿತು. ಅವರು ಬೀಗಿದ್ದು ಇದಕ್ಕೇ.

ಆದರೆ ಬ್ಯಾಂಕಿನ ತಾಳೆ ಹೇಳುವುದು ಒಂದೇ ಒಂದು ವಿಷಯವನ್ನು: ಪುಸ್ತಕದಲ್ಲಿ ಬರೆದ ಹಣವೂ ಬ್ಯಾಂಕಿನಿಂದ ಹೋದ ಹಣವೂ ಒಂದೇ. ಆ ಹಣ ಯಾತಕ್ಕೆ ಹೋಯಿತು, ಹೋಗಬಹುದಾದದ್ದಕ್ಕೇ ಹೋಯಿತೇ ಎಂಬುದರ ಬಗ್ಗೆ ಅದು ಬಾಯಿ ಬಿಡುವುದಿಲ್ಲ. ತಪ್ಪು ಬಾಬ್ತಿಗೆ ಬರೆದ ಚೆಕ್ಕೂ ಬ್ಯಾಂಕಿನಲ್ಲಿ ಸರಿಯಾಗಿಯೇ ಕಳೆಯುತ್ತದೆ.

ಇಲ್ಲಿ ಒಂದು ಮಾತು ಹೇಳಬೇಕು. ಕಾಲೇಜಿನ ಲೆಡ್ಜರೂ ಮಂಜೂರಾತಿ ಆದೇಶವೂ ಒಂದೇ ಭಾಷೆ ಆಡುವುದಿಲ್ಲ. ಲೆಡ್ಜರಿನಲ್ಲಿ ಖಾತೆಗಳ ಹೆಸರು ಕೊಂಡ ವಸ್ತುವಿನ ಮೇಲೆ, ಕೆಲವೊಮ್ಮೆ ಮಾರಿದ ಅಂಗಡಿಯ ಮೇಲೆ ನಿಂತಿರುತ್ತವೆ: ಕೆಮಿಕಲ್ಸ್ ಮತ್ತು ಗ್ಲಾಸ್‌ವೇರ್, ಪ್ರಿಂಟಿಂಗ್ ಮತ್ತು ಸ್ಟೇಷನರಿ, ವಾಹನ ಬಾಡಿಗೆ, ಇತರೆ ಖರ್ಚು. ಕಾಲೇಜಿನ ಸ್ವಂತ ಲೆಕ್ಕಕ್ಕೆ ಅಷ್ಟು ಸಾಕು. ಮಂಜೂರಾತಿ ಆದೇಶದ ಬಾಬ್ತುಗಳು ನಿಂತಿರುವುದು ಉದ್ದೇಶದ ಮೇಲೆ. ‘ವಾಹನ ಬಾಡಿಗೆ’ ಎಂಬ ಒಂದೇ ಖಾತೆಯಲ್ಲಿ ಹಳ್ಳಿಗೆ ಹೋದ ಜೀಪಿನ ಬಾಡಿಗೆ ಇರುತ್ತದೆ, ಅದು ಪ್ರಯಾಣ. ಬೆಂಗಳೂರಿನಿಂದ ಉಪಕರಣ ಹೊತ್ತು ತಂದ ಗೂಡ್ಸ್ ಗಾಡಿಯ ಬಾಡಿಗೆಯೂ ಅಲ್ಲೇ ಇರಬಹುದು, ಅದು ಉಪಕರಣದ ಬೆಲೆಗೆ ಸೇರಬೇಕು. ಆದ್ದರಿಂದ ಲೆಡ್ಜರಿನ ಖಾತೆಯ ಒಟ್ಟು ಮೊತ್ತವನ್ನು ಹಾಗೆಯೇ ಎತ್ತಿ ಒಂದು ಬಾಬ್ತಿನ ಎದುರು ಬರೆಯುವಂತಿಲ್ಲ. ಗುಮಾಸ್ತರು ಮಾಡಿದ್ದು ಅದನ್ನೇ.

ನಾನು ಮಾಡಿಸಿದ ಕೆಲಸ ಸರಳ, ಆದರೆ ಬೇಸರ ತರಿಸುವಂಥದ್ದು. ಮೂರು ವರ್ಷದ ವೋಚರುಗಳನ್ನೆಲ್ಲ ತರಿಸಿದೆ. ಎಕ್ಸೆಲ್ ಹಾಳೆಯಲ್ಲಿ ಒಂದು ವೋಚರಿಗೆ ಒಂದು ಸಾಲು. ಸಂಖ್ಯೆ, ದಿನಾಂಕ, ಯಾರಿಗೆ, ಎಷ್ಟು, ಲೆಡ್ಜರಿನಲ್ಲಿ ಯಾವ ಖಾತೆ, ಮಂಜೂರಾತಿಯಲ್ಲಿ ಯಾವ ಬಾಬ್ತು. ಕೊನೆಯ ಕಾಲಂ ತುಂಬುವಾಗ ಲೆಡ್ಜರ್ ನೋಡಬಾರದು, ಬಿಲ್ಲನ್ನೇ ನೋಡಬೇಕು. ಒಂದು ವೋಚರು ಒಂದೇ ಬಾಬ್ತಿಗೆ ಸೇರಬೇಕು. ಒಂದೇ ಬಿಲ್ಲಿನಲ್ಲಿ ಎರಡು ಬಾಬ್ತಿನ ವಸ್ತು ಇದ್ದರೆ ಎರಡು ಸಾಲು ಮಾಡಬೇಕು. ಯಾವುದಕ್ಕೂ ಸೇರದ್ದು ಸಿಕ್ಕರೆ ಆ ಮನೆಯನ್ನು ಖಾಲಿ ಬಿಡಬೇಕು. ಹತ್ತಿರದ್ದಕ್ಕೆ ತುರುಕಿದರೆ ಆ ಪ್ರಶ್ನೆ ಅಲ್ಲಿಗೇ ಮುಚ್ಚಿಹೋಗುತ್ತದೆ, ಖಾಲಿ ಬಿಟ್ಟರೆ ಅದಕ್ಕೊಂದು ಉತ್ತರ ಹುಡುಕಲೇಬೇಕಾಗುತ್ತದೆ. ಮೇಡಂ ಬಿಲ್ಲು ಓದಿ ಇದು ಯಾತಕ್ಕೆ ಕೊಂಡದ್ದು ಎಂದು ಹೇಳುತ್ತ ಹೋದರು, ಗುಮಾಸ್ತರು ಟೈಪು ಮಾಡುತ್ತ ಹೋದರು. ಎರಡೂವರೆ ದಿನ ಹಿಡಿಯಿತು.

ಮೊದಲು ಸಿಕ್ಕಿದ್ದು ತಾನಾಗಿಯೇ ಕೂಗುತ್ತಿದ್ದ ತಪ್ಪು. ಸಾದಿಲ್ವಾರು ಬಾಬ್ತಿನಲ್ಲಿ 1,06,300 ಬರುತ್ತಿತ್ತು, ಮಂಜೂರಾದದ್ದು ಒಂದೇ ಲಕ್ಷ. 6,300 ಮೀರಿದೆ. ಸಾಮಾನ್ಯವಾಗಿ ಇಂಥ ಅನುದಾನಗಳಲ್ಲಿ ಮುಂಚಿತವಾಗಿ ಒಪ್ಪಿಗೆ ಪಡೆಯದೆ ಯಾವ ಬಾಬ್ತಿನ ಖರ್ಚೂ ಅದರ ಮಂಜೂರಾತಿಯನ್ನು ದಾಟುವಂತಿಲ್ಲ. ಈ ಯೋಜನೆಯಲ್ಲೂ ಆ ಷರತ್ತು ಇತ್ತು. “ಕೊರಿಯರ್ ಬಿಲ್ಲುಗಳು ಒಂದಷ್ಟು ಇವೆ ಸರ್, ಅವನ್ನು ಪ್ರಯಾಣಕ್ಕೆ ಹಾಕೋಣ, ಅಲ್ಲಿ ಜಾಗ ಇದೆ” ಎಂದರು ಗುಮಾಸ್ತರು. ಕೆಟ್ಟ ಉದ್ದೇಶದಿಂದ ಹೇಳಿದ ಮಾತಲ್ಲ. ಮೊತ್ತ ಕೂಡಿಸುವುದೇ ಕೆಲಸ ಎಂದುಕೊಂಡವರಿಗೆ ಮೊದಲು ಹೊಳೆಯುವ ದಾರಿ ಅದು. ಆದರೆ ಹಾಗೆ ಮಾಡಿದರೆ ನೀರಿನ ಮಾದರಿ ಕಳಿಸಿದ ಕೊರಿಯರು ಯಾರೋ ಪ್ರಯಾಣ ಮಾಡಿದ ಲೆಕ್ಕವಾಗುತ್ತದೆ. ಆಡಿಟರು ಪ್ರಯಾಣದ ಒಂದು ವೋಚರು ತೆಗೆದು ನೋಡಿದರೆ ಸಾಕು, ಉಳಿದ ಎಲ್ಲ ಸಾಲಿನ ಮೇಲೂ ಅನುಮಾನ ಬರುತ್ತದೆ. ಮಿತಿ ಮೀರಿದೆ ಎಂದರೆ ಅಲ್ಲಿ ಏನೋ ಸೇರಬಾರದ್ದು ಸೇರಿದೆ ಎಂದು ಮೊದಲು ಹುಡುಕಬೇಕು.

ಹುಡುಕಿದಾಗ ‘ಇತರೆ ಖರ್ಚು’ ಖಾತೆಯಲ್ಲಿ 14,500ರ ಒಂದು ಯುಪಿಎಸ್ ಸಿಕ್ಕಿತು. ಮೂರನೇ ವರ್ಷದ ಬೇಸಿಗೆಯಲ್ಲಿ ಕರೆಂಟು ಪದೇ ಪದೇ ಹೋಗುತ್ತಿದ್ದಾಗ, ಅಳತೆಯ ನಡುವೆ ಉಪಕರಣ ನಿಂತುಹೋಗಬಾರದೆಂದು ಕೊಂಡದ್ದು. ಕೊಂಡ ಕಾರಣ ನೂರಕ್ಕೆ ನೂರು ನಿಜ. ಆದರೆ ಯುಪಿಎಸ್ ಬಳಸಿ ಮುಗಿಯುವ ವಸ್ತುವಲ್ಲ, ವರ್ಷಗಟ್ಟಲೆ ಉಳಿಯುವ ಆಸ್ತಿ. ಹಾಗಾಗಿ ಸಾದಿಲ್ವಾರಿನಲ್ಲಿ ಅದಕ್ಕೆ ಜಾಗವಿಲ್ಲ. ಉಪಕರಣದ ಬಾಬ್ತಿಗೆ ಹಾಕೋಣವೆಂದರೆ ಮಂಜೂರಾತಿ ಆದೇಶದ ಜೊತೆಗಿನ ಉಪಕರಣಗಳ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಹೊಸ ಉಪಕರಣ ಬೇಕಾದರೆ ಕೊಳ್ಳುವ ಮೊದಲೇ ಅನುದಾನ ಕೊಟ್ಟ ಸಂಸ್ಥೆಗೆ ಬರೆದು ಒಪ್ಪಿಗೆ ಪಡೆಯಬೇಕಿತ್ತು. ಬರೆದಿದ್ದರೆ ಸಿಗುತ್ತಿತ್ತೇನೋ, ಉಪಕರಣದ ಬಾಬ್ತಿನಲ್ಲಿ ಹಣವೂ ಇತ್ತು. ಈಗ ಯೋಜನೆಯೇ ಮುಗಿದಿದೆ.

ಇಂಥ ಕಡೆ ಉಳಿಯುವ ನೇರ ದಾರಿ ಒಂದೇ. ಆ ಖರ್ಚು ಯೋಜನೆಯದಲ್ಲ, ಕಾಲೇಜಿನದು ಎಂದು ಒಪ್ಪಿಕೊಳ್ಳುವುದು. ಪ್ರಾಂಶುಪಾಲರ ಬಳಿ ಹೋದೆವು. ಯುಪಿಎಸ್ ಹೇಗೂ ವಿಭಾಗದಲ್ಲೇ ಉಳಿಯುತ್ತದೆ, ಕಾಲೇಜಿನ ನಿಧಿಯಿಂದ 14,500 ಯೋಜನೆಯ ಖಾತೆಗೆ ತುಂಬಿಸಿಕೊಡುತ್ತೇವೆ ಎಂದು ಅವರು ಒಪ್ಪಿದರು. ಸಾದಿಲ್ವಾರು 91,800ಕ್ಕೆ ಇಳಿಯಿತು. ಮಿತಿ ಮೀರಿದ 6,300ರ ಪ್ರಶ್ನೆ ತಾನಾಗಿ ಇಲ್ಲವಾಯಿತು.

ಎರಡನೇ ತಪ್ಪು ಕೂಗುತ್ತಿರಲಿಲ್ಲ, ಸದ್ದಿಲ್ಲದೆ ಕೂತಿತ್ತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನಾನು ಕಂಡ ಲೆಕ್ಕಗಳಲ್ಲಿ ಹೆಚ್ಚು ತೊಂದರೆ ಕೊಟ್ಟದ್ದು ಈ ಬಗೆಯದೇ. ಲೆಡ್ಜರಿನಲ್ಲಿ ಉಪಕರಣದ ಖರ್ಚು 7,82,400. ಮಂಜೂರಾದದ್ದು 8 ಲಕ್ಷ. ಮಿತಿಯೊಳಗಿದೆ, ಯಾರೂ ಕೇಳುವುದಿಲ್ಲ. ಆದರೆ ಆಸ್ತಿ ರಿಜಿಸ್ಟರ್ ತರಿಸಿ ಯೋಜನೆಯಿಂದ ಕೊಂಡ ಉಪಕರಣಗಳನ್ನು ಕೂಡಿದಾಗ ಬಂದದ್ದು 7,64,000. ಎರಡೂ ಒಂದೇ ಆಗಿರಬೇಕಿತ್ತು. ಉಪಕರಣದ ಬಾಬ್ತಿನಲ್ಲಿ ಹೋದ ಪ್ರತಿ ರೂಪಾಯಿಗೂ ಕಣ್ಣೆದುರು ಒಂದು ವಸ್ತು ಇರಬೇಕು, ಅದಕ್ಕೊಂದು ರಿಜಿಸ್ಟರ್ ಸಂಖ್ಯೆ ಇರಬೇಕು. 18,400ಕ್ಕೆ ವಸ್ತು ಇಲ್ಲ.

ಬಿಲ್ಲು ಸಿಕ್ಕಿತು. ಫ್ಲೋರೈಡ್ ಅಳೆಯುವ ಮೀಟರಿನ ಎಲೆಕ್ಟ್ರೋಡ್. ನೀರಿನಲ್ಲಿ ಅದ್ದುವ ಈ ಕಡ್ಡಿಯ ತುದಿಯಲ್ಲಿ ಲ್ಯಾಂಥನಮ್ ಫ್ಲೋರೈಡಿನ ಸಣ್ಣ ಹರಳು ಇರುತ್ತದೆ. ಅದರ ಮೇಲ್ಮೈ ಗೀರಿದರೆ, ಮಾಸಿದರೆ ಅಳತೆ ಅಲುಗಾಡುತ್ತದೆ. ಹಳ್ಳಿಹಳ್ಳಿ ತಿರುಗಿದ ಕಡ್ಡಿ ಮೂರನೇ ವರ್ಷ ಕೈಕೊಟ್ಟಿತ್ತು. ಮೀಟರು ಮಾರಿದ ಅಂಗಡಿಯಿಂದಲೇ ಹೊಸದು ತರಿಸಿದರು. ಗುಮಾಸ್ತರು ಬಿಲ್ಲಿನ ಮೇಲೆ ಅಂಗಡಿಯ ಹೆಸರು ನೋಡಿ, ಮೊದಲ ವರ್ಷ ಮೀಟರು ಬರೆದ ಖಾತೆಯಲ್ಲೇ ಇದನ್ನೂ ಬರೆದರು.

ಮೊದಲ ಎಲೆಕ್ಟ್ರೋಡ್ ಮೀಟರಿನ ಜೊತೆಗೇ ಬಂದದ್ದು, ಅದರ ಬೆಲೆ ಉಪಕರಣದ ಬೆಲೆಯೊಳಗೇ ಇತ್ತು. ಸವೆದದ್ದರ ಬದಲು ಹಾಕುವ ಎರಡನೆಯದು ಹೊಸ ಆಸ್ತಿಯಲ್ಲ. ಅಳತೆಗೆ ಮುನ್ನ ನೀರಿಗೆ ಬೆರೆಸುವ ಟೈಸಾಬ್ ದ್ರಾವಣದಂತೆ ಅದೂ ಬಳಸಿ ಮುಗಿಯುವ ಸಾಮಗ್ರಿ. ಸ್ಟೋರಿನವರು ಅದನ್ನು ಸರಿಯಾಗಿಯೇ ಗುರುತಿಸಿ, ಆಸ್ತಿ ರಿಜಿಸ್ಟರಿಗೆ ಸೇರಿಸದೆ ಸಾಮಗ್ರಿ ದಾಸ್ತಾನಿಗೆ ಬರೆದಿದ್ದರು. ತಪ್ಪು ಹಿಡಿಯಲು ಸಾಧ್ಯವಾದದ್ದು ಅದರಿಂದಲೇ.

“ಎರಡೂ ಯೋಜನೆಯ ಖರ್ಚೇ ಅಲ್ಲವೇ ಸರ್, ಈ ಸಾಲಿನಲ್ಲಿದ್ದರೇನು, ಆ ಸಾಲಿನಲ್ಲಿದ್ದರೇನು?” ಮೇಡಂ ಕೇಳಿದ್ದು ನ್ಯಾಯವಾದ ಪ್ರಶ್ನೆ. ಉತ್ತರ ಇರುವುದು ದೆಹಲಿಯ ಬಜೆಟ್ಟಿನಲ್ಲಿ. ಸಂಸತ್ತು ಅನುದಾನಕ್ಕೆ ಒಪ್ಪಿಗೆ ಕೊಡುವಾಗ ಅದನ್ನು ಒಂದೇ ಗಂಟಾಗಿ ಕೊಡುವುದಿಲ್ಲ. ಸಾಮಾನ್ಯ ಖರ್ಚಿನ ಅನುದಾನಕ್ಕೆ ಸರ್ಕಾರದ ಲೆಕ್ಕದಲ್ಲಿ 31 ಎಂಬ ಶೀರ್ಷಿಕೆ, ಆಸ್ತಿ ನಿರ್ಮಾಣದ ಅನುದಾನಕ್ಕೆ 35, ಸಂಬಳದ ಅನುದಾನಕ್ಕೆ 36. ಪಾವಗಡದ ಯೋಜನೆಗೆ ಬಂದ 8 ಲಕ್ಷ 35ರಿಂದ ಬಂದ ಹಣ, ಅದರಿಂದ ದೇಶಕ್ಕೊಂದು ಆಸ್ತಿ ಹುಟ್ಟಬೇಕು ಎಂಬ ಕರಾರಿನ ಮೇಲೆ ಬಂದದ್ದು. ಸವೆಯುವ ಕಡ್ಡಿಯನ್ನು ಅದರಲ್ಲಿ ಬರೆದರೆ ಇಲ್ಲದ ಆಸ್ತಿಯೊಂದು ಇದೆ ಎಂದು ಸಹಿ ಹಾಕಿದಂತಾಗುತ್ತದೆ. ಆದ್ದರಿಂದಲೇ ಈ ಯೋಜನೆಗೆ ಒಂದೇ ವರ್ಷಕ್ಕೆ ಎರಡು ಪ್ರಮಾಣಪತ್ರ ಕೊಡಬೇಕಿತ್ತು, ಉಪಕರಣದ್ದು ಬೇರೆ, ಉಳಿದ ಬಾಬ್ತುಗಳದ್ದು ಬೇರೆ. ಬಾಬ್ತು ಬದಲಾದರೆ ಒಟ್ಟು ಬದಲಾಗದಿದ್ದರೂ ಎರಡೂ ಪ್ರಮಾಣಪತ್ರ ತಪ್ಪುತ್ತವೆ.

ಜರ್ನಲ್ ನಮೂದು ಬರೆದು 18,400ನ್ನು ಉಪಕರಣದಿಂದ ತೆಗೆದು ಸಾಮಗ್ರಿಗೆ ಸೇರಿಸಿದರು. ಉಪಕರಣ 7,64,000. ಸಾಮಗ್ರಿ 3,38,400 ಇದ್ದದ್ದು 3,56,800 ಆಯಿತು, ಮಂಜೂರಾದ 4 ಲಕ್ಷದೊಳಗೇ ಉಳಿಯಿತು. ಖರೀದಿ ಮೂರನೇ ವರ್ಷದ್ದಾಗಿದ್ದು ಅನುಕೂಲವಾಯಿತು, ಆ ವರ್ಷದ ಪುಸ್ತಕ ಇನ್ನೂ ಮುಚ್ಚಿರಲಿಲ್ಲ. ಹಳೆಯ ವರ್ಷದ್ದಾಗಿ, ಅದರ ಪ್ರಮಾಣಪತ್ರ ಆಗಲೇ ದೆಹಲಿ ಸೇರಿದ್ದರೆ ಸುಮ್ಮನೆ ಹಳೆಯ ಕಾಲಂ ತಿದ್ದಿ ಬರೆಯುವುದು ಅಪಾಯ. ಅವರ ಕಡತದಲ್ಲಿ ಒಂದು ಅಂಕಿ, ನಮ್ಮ ಪಟ್ಟಿಯಲ್ಲಿ ಇನ್ನೊಂದು ಆಗುತ್ತದೆ. ಆಗ ಕೊನೆಯ ವರ್ಷದಲ್ಲಿ ಹೊಂದಾಣಿಕೆ ತೋರಿಸಿ, ಷರಾ ಕಾಲಂನಲ್ಲಿ ವೋಚರು ಸಂಖ್ಯೆಯ ಸಮೇತ ಕಾರಣ ಬರೆದು, ಅನುದಾನ ಕೊಟ್ಟವರಿಗೆ ಪತ್ರದಲ್ಲೂ ತಿಳಿಸಬೇಕು.

ಮೂರನೆಯದು ಚಿಕ್ಕ ಮೊತ್ತ, 2,400. ಪ್ರಯಾಣದ ವೋಚರುಗಳಲ್ಲಿ ಒಂದಕ್ಕೆ 15,000 ಎಂದು ದುಂಡು ಅಂಕಿ ಇತ್ತು. ಬಿಲ್ಲುಗಳ ಲೋಕದಲ್ಲಿ ದುಂಡು ಅಂಕಿ ಕಂಡರೆ ನಿಂತು ನೋಡಬೇಕು. ಡೀಸೆಲ್ಲು, ಊಟ, ಲಾಡ್ಜು ಇವೆಲ್ಲ ಸೇರಿ ಸರಿಯಾಗಿ 15,000 ಆಗುವುದು ಅಪರೂಪ. ನೋಡಿದರೆ ಅದು ಖರ್ಚಲ್ಲ, ಮುಂಗಡ. ಹತ್ತು ದಿನದ ಮಾದರಿ ಸಂಗ್ರಹಕ್ಕೆ ಹೊರಟಾಗ ಮೇಡಂ ಪಡೆದದ್ದು. ಹಿಂತಿರುಗಿ ಕೊಟ್ಟ ಬಿಲ್ಲುಗಳು 12,600ಕ್ಕೆ ಇದ್ದವು. ಉಳಿದ 2,400 ನಗದನ್ನು ಅವರು ಕಾಲೇಜಿನ ಕೌಂಟರಿನಲ್ಲಿ ಕಟ್ಟಿದ್ದರು, ರಸೀದಿಯೂ ಇತ್ತು. ಆದರೆ ಕೌಂಟರಿನವರು ಅದನ್ನು ಕಾಲೇಜಿನ ಸಾಮಾನ್ಯ ಖಾತೆಗೆ ಜಮಾ ಮಾಡಿದ್ದರು. ಮುಂಗಡ ಕೊಟ್ಟ ದಿನವೇ ಪೂರ್ತಿ ಹಣವನ್ನು ಪ್ರಯಾಣದ ಖರ್ಚೆಂದು ಬರೆದಿದ್ದರಿಂದ ಯೋಜನೆಯ ಪುಸ್ತಕದಲ್ಲಿ ಏನೂ ಕಾಣುತ್ತಿರಲಿಲ್ಲ. ಬ್ಯಾಂಕಿನಿಂದ 15,000 ಹೋಗಿದೆ, ಪುಸ್ತಕದಲ್ಲೂ 15,000 ಇದೆ, ತಾಳೆ ಸರಿ. ಮುಂಗಡವನ್ನು ಕೊಟ್ಟಾಗ ಮುಂಗಡ ಖಾತೆಗೇ ಬರೆದು, ಬಿಲ್ಲು ಬಂದ ಮೇಲಷ್ಟೇ ಖರ್ಚಿಗೆ ತಿರುಗಿಸಿದ್ದರೆ ಆ 2,400 ತೀರದ ಬಾಕಿಯಾಗಿ ಎದ್ದು ಕಾಣುತ್ತಿತ್ತು. ಸಾಮಾನ್ಯ ಖಾತೆಯಿಂದ ಅದನ್ನೂ ವಾಪಸು ತರಿಸಿದೆವು. ಪ್ರಯಾಣ 1,29,800ರಿಂದ 1,27,400ಕ್ಕೆ ಇಳಿಯಿತು.

ಈಗ ಹೊಸ ಒಟ್ಟು. ಉಪಕರಣ 7,64,000. ಸಹಾಯಕರು ಕೊನೆಯ ಎರಡು ತಿಂಗಳ ಮೊದಲೇ ಬೇರೆ ಕೆಲಸಕ್ಕೆ ಹೋದದ್ದರಿಂದ ಸಂಬಳ 34 ತಿಂಗಳಿಗೆ 6,80,000. ಸಾಮಗ್ರಿ 3,56,800, ಪ್ರಯಾಣ 1,27,400, ಸಾದಿಲ್ವಾರು 91,800, ನಿರ್ವಹಣಾ ವೆಚ್ಚ 1,30,000. ಎಲ್ಲ ಸೇರಿ 21,50,000. ಬಂದ 22 ಲಕ್ಷದಲ್ಲಿ ಉಳಿದದ್ದು 50,000. ಅದರಲ್ಲಿ 36,000 ಉಪಕರಣದ ಹಣ, 14,000 ಉಳಿದ ಬಾಬ್ತುಗಳದ್ದು. ಗುಮಾಸ್ತರ ಮೊದಲ ಹಾಳೆಯಲ್ಲಿದ್ದ 33,100ಕ್ಕೂ ಇದಕ್ಕೂ ಇರುವ ಅಂತರ 16,900, ಅಂದರೆ ಯುಪಿಎಸ್ಸಿನ 14,500 ಮತ್ತು ಮುಂಗಡದ 2,400. ಎಲೆಕ್ಟ್ರೋಡು ಒಟ್ಟನ್ನು ಮುಟ್ಟಲೇ ಇಲ್ಲ. ಬ್ಯಾಂಕಿನಿಂದಾಗಲೀ ಒಟ್ಟು ಮೊತ್ತದಿಂದಾಗಲೀ ಅದನ್ನು ಎಂದಿಗೂ ಹಿಡಿಯಲಾಗುತ್ತಿರಲಿಲ್ಲ.

ವಿವರಪಟ್ಟಿ ಇಷ್ಟು ಗಟ್ಟಿಯಾದ ಮೇಲೆ ಪ್ರಮಾಣಪತ್ರ ತಾನಾಗಿ ಬರುತ್ತದೆ. ಉಪಕರಣದ ಪ್ರಮಾಣಪತ್ರದಲ್ಲಿ ಮೂರನೇ ವರ್ಷದ ಆರಂಭದ ಉಳಿಕೆ 36,000, ಖರ್ಚು ಸೊನ್ನೆ, ಕೊನೆಯ ಉಳಿಕೆ 36,000. ಉಳಿದ ಬಾಬ್ತುಗಳದ್ದರಲ್ಲಿ ಆರಂಭದ ಉಳಿಕೆ 1,35,000, ಆ ವರ್ಷ ಬಂದದ್ದು 4 ಲಕ್ಷ, ಖರ್ಚು 5,21,000, ಉಳಿಕೆ 14,000. ಇಲ್ಲಿ ಮೊದಲು ನೋಡಬೇಕಾದದ್ದು ಆರಂಭದ ಉಳಿಕೆಯನ್ನು. ಹೋದ ವರ್ಷ ಕಳಿಸಿದ ಪ್ರಮಾಣಪತ್ರದ ಕೊನೆಯ ಅಂಕಿಯೂ ಈ ವರ್ಷದ ಮೊದಲ ಅಂಕಿಯೂ ಒಂದೇ ಇರಬೇಕು. ದೆಹಲಿಯ ಕಚೇರಿಯವರು ಕಡತ ತೆರೆದ ಕೂಡಲೇ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಡುತ್ತಾರೆ. ಅಲ್ಲಿ ಒಂದು ರೂಪಾಯಿ ಬೇರೆಯಾದರೂ ಮುಂದಿನ ಪುಟ ತಿರುವದೆ ವಾಪಸು ಕಳಿಸಬಹುದು.

ಬಡ್ಡಿಗೆ ನಮೂನೆಯಲ್ಲಿ ಎರಡು ಕಾಲಂ ಇವೆ, ಬಂದ ಬಡ್ಡಿ ಮತ್ತು ಸರ್ಕಾರಕ್ಕೆ ಮರಳಿ ಕಟ್ಟಿದ ಬಡ್ಡಿ. ಹಿಂದೆಲ್ಲ ಬಡ್ಡಿಯನ್ನು ಮುಂದಿನ ಕಂತಿಗೆ ಹೊಂದಿಸಿಕೊಳ್ಳುವ ರೂಢಿ ಇತ್ತು. ಈಗ ಅದು ನಡೆಯದು. 2017ರ ನಿಯಮಗಳ 230ನೇ ನಿಯಮದ ಪ್ರಕಾರ ಲೆಕ್ಕ ಅಂತಿಮವಾದ ತಕ್ಷಣ ಬಡ್ಡಿಯನ್ನು ಭಾರತದ ಸಂಚಿತ ನಿಧಿಗೆ ಕಟ್ಟಲೇಬೇಕು. ಮೊದಲ ಎರಡು ವರ್ಷದ 29,360 ರೂಪಾಯಿಯನ್ನು ಕಾಲೇಜು ಭಾರತ್‌ಕೋಶ್ ಪೋರ್ಟಲ್ ಮೂಲಕ ಆಗಲೇ ಕಟ್ಟಿತ್ತು. ಮೂರನೇ ವರ್ಷದ 6,340 ಬಾಕಿ ಇತ್ತು. ಕಟ್ಟಿದ ಕಾಲಂ ಖಾಲಿ ಬಿಟ್ಟರೆ ನಮೂನೆಯ ಗುಣಿತದಲ್ಲಿ ಅದು ಬಳಸಬಹುದಾದ ಹಣಕ್ಕೆ ಸೇರಿಕೊಳ್ಳುತ್ತದೆ, ಉಳಿಕೆ ಉಬ್ಬುತ್ತದೆ, ವಿವರಪಟ್ಟಿಯ ಉಳಿಕೆಗೂ ಪ್ರಮಾಣಪತ್ರದ ಉಳಿಕೆಗೂ ಜಗಳ ಶುರುವಾಗುತ್ತದೆ. ಆದ್ದರಿಂದ ಮೊದಲು ಹಣ ಕಟ್ಟಿ ರಸೀದಿ ತೆಗೆದುಕೊಂಡು, ಆಮೇಲೆ ನಮೂನೆ ತುಂಬಿದೆವು. ಈಚೆಗೆ ಕೇಂದ್ರದ ಹಲವು ಯೋಜನೆಗಳಲ್ಲಿ ಹಣ ಕಾಲೇಜಿನ ಖಾತೆಗೆ ಬಂದು ಕೂರುವುದೇ ಇಲ್ಲ. ಶೂನ್ಯ ಶಿಲ್ಕಿನ ಖಾತೆಯಲ್ಲಿ ಖರ್ಚಿನ ಮಿತಿ ಮಾತ್ರ ಕಾಣುತ್ತದೆ, ಬಿಲ್ಲು ಪಾವತಿಸಿದಾಗಷ್ಟೇ ಹಣ ಸರ್ಕಾರದಿಂದ ಹೊರಡುತ್ತದೆ. ಅಲ್ಲಿ ಬಡ್ಡಿಯ ತಲೆನೋವಿಲ್ಲ. ಬಾಬ್ತಿನ ತಲೆನೋವು ಮಾತ್ರ ಹಾಗೆಯೇ ಇದೆ, ಎಲೆಕ್ಟ್ರೋಡಿನ ಬಿಲ್ಲು ಅಲ್ಲೂ ತಪ್ಪು ಸಾಲಿಗೆ ಹೋಗಬಹುದು.

ನಮೂನೆಯ ಕೆಳಗಿನ ಸಣ್ಣಕ್ಷರವನ್ನು ಸಹಿಗೆ ಮೊದಲು ಪ್ರಾಂಶುಪಾಲರಿಗೆ ಓದಿ ಹೇಳಿದೆ. ಮುಖ್ಯ ಲೆಕ್ಕ ಪುಸ್ತಕಗಳನ್ನೂ ಆಸ್ತಿ ರಿಜಿಸ್ಟರನ್ನೂ ನಿಯಮದಂತೆ ಇಟ್ಟಿದ್ದೇವೆ, ಅವು ಲೆಕ್ಕಪರಿಶೋಧನೆಗೆ ಒಳಪಟ್ಟಿವೆ ಎಂಬ ಅರ್ಥದ ಮಾತು ಅಲ್ಲಿದೆ. ನಾಳೆ ಯಾರಾದರೂ ಬಂದು ಮೀಟರು ತೋರಿಸಿ ಎಂದರೆ ತೋರಿಸಬೇಕಾದವರು ಸಹಿ ಹಾಕಿದವರೇ. ಹಾಗಾಗಿ ಅಂದು ಮಧ್ಯಾಹ್ನ ಎಲ್ಲರೂ ಪ್ರಯೋಗಾಲಯಕ್ಕೆ ಹೋಗಿ, ರಿಜಿಸ್ಟರಿನ ಸಂಖ್ಯೆಯನ್ನೂ ಉಪಕರಣದ ಮೇಲೆ ಬಣ್ಣದಲ್ಲಿ ಬರೆದ ಸಂಖ್ಯೆಯನ್ನೂ ಹೋಲಿಸಿ ನೋಡಿದೆವು. ಒಂದರ ಮೇಲೆ ಸಂಖ್ಯೆ ಬರೆದೇ ಇರಲಿಲ್ಲ. ಸ್ಟೋರಿನವರು ಬ್ರಷ್ಷು ತಂದು ಬರೆದರು. ಯೋಜನೆ ಮುಗಿದ ಮೇಲೂ ಆ ಉಪಕರಣಗಳನ್ನು ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ ಎಂದು ಮೇಡಂ ರಿಜಿಸ್ಟರಿನ ಆ ಪುಟದಲ್ಲೇ ಟಿಪ್ಪಣಿ ಬರೆದಿಟ್ಟರು. ತಾವು ನಿವೃತ್ತರಾದ ಮೇಲೆ ಬರುವವರಿಗೆ ತಿಳಿದಿರಲಿ ಎಂದು.

ಮೇ ತಿಂಗಳ ಮೂರನೇ ವಾರ ಚಾರ್ಟರ್ಡ್ ಅಕೌಂಟೆಂಟರ ಸಹಿಯೂ ಆಯಿತು. ಕಾಲೇಜು ಮರಳಿಸಿದ 14,500 ಮತ್ತು 2,400 ಸೇರಿ ಖಾತೆಯಲ್ಲಿ 67,840 ಇತ್ತು. ಉಳಿಕೆಯ 50,000ವನ್ನೂ ಬಡ್ಡಿಯ 6,340ನ್ನೂ ಬೇರೆ ಬೇರೆಯಾಗಿ ಕಟ್ಟಿದೆವು, ಎರಡಕ್ಕೂ ಬೇರೆ ರಸೀದಿ. ಖಾತೆಯಲ್ಲಿ ಉಳಿದದ್ದು 11,500, ಟ್ಯಾಕ್ಸಿಯವರ ಚೆಕ್ಕಿನ ಹಣ.

ಆ ಚೆಕ್ಕು ಇನ್ನೂ ಬಂದಿರಲಿಲ್ಲ. ಚೆಕ್ಕಿಗೆ ಮೂರು ತಿಂಗಳ ಆಯುಷ್ಯ, ಜೂನ್ ಕೊನೆಯ ವಾರಕ್ಕೆ ಅದು ಸತ್ತುಹೋಗುತ್ತದೆ. ಹಾಗಾದರೆ ಖರ್ಚೆಂದು ತೋರಿಸಿದ ಹಣ ಖಾತೆಯಲ್ಲೇ ಕೂತಿರುತ್ತದೆ, ಪ್ರಮಾಣಪತ್ರ ಸುಳ್ಳಾಗುತ್ತದೆ. ಮೇಡಂ ಪಾವಗಡಕ್ಕೆ ಫೋನು ಮಾಡಿದರು. “ಚೆಕ್ಕಾ ಮೇಡಂ? ಮಗಳ ಮದುವೆ ಗಲಾಟೆಯಲ್ಲಿ ಗಾಡಿಯ ಪೇಪರ್ ಜೊತೆಗೆ ಇಟ್ಟು ಮರೆತೇಬಿಟ್ಟಿದ್ದೆ” ಎಂದರಂತೆ ಟ್ಯಾಕ್ಸಿಯವರು. ಜೂನ್ ಎರಡನೇ ವಾರ ಹಣ ಕಳೆಯಿತು. ಖಾತೆ ಮುಚ್ಚಲು ಅರ್ಜಿ ಕೊಟ್ಟಾಗ ಬ್ಯಾಂಕಿನವರು ಏಪ್ರಿಲ್‌ನಿಂದ ಅಂದಿನವರೆಗಿನ ಬಡ್ಡಿ ಲೆಕ್ಕ ಹಾಕಿ 243 ರೂಪಾಯಿ ಜಮಾ ಮಾಡಿದರು. ಗುಮಾಸ್ತರು ನನ್ನ ಮುಖ ನೋಡಲಿಲ್ಲ, ಯಾರನ್ನೂ ಕೇಳಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಭಾರತ್‌ಕೋಶ್ ತೆರೆದು 243 ಕಟ್ಟಿ, ರಸೀದಿಯನ್ನು ಪ್ರಿಂಟ್ ತೆಗೆದು ಕಡತದ ಕೊನೆಯ ಪುಟವಾಗಿ ಪೋಣಿಸಿದರು.